ಹತ್ತಿ ಸೀರೆಯ ದಿನ ಮಾತ್ರ ಬೀಳುವ ಎಂಸಿಬಿ: ಗೀಸರ್ ಮತ್ತು ಇಸ್ತ್ರಿಪೆಟ್ಟಿಗೆ ಜೊತೆಯಾದಾಗ ದೋಷ ಹುಡುಕುವ ಬಗೆ

ಮೈಸೂರಿನ ಒಂದು ಮನೆಯ ಮೊದಲ ಮಹಡಿಯಿಂದ ಬಂದ ದೂರು ಇದು. ಬೆಳಿಗ್ಗೆ ಗೀಸರ್ ಹಾಕಿರುವಾಗಲೇ ಇಸ್ತ್ರಿಪೆಟ್ಟಿಗೆಯನ್ನೂ ಹಾಕಿದರೆ ಎಂಸಿಬಿ ಬೀಳುತ್ತದೆ. ಒಂದೊಂದನ್ನೇ ಹಾಕಿದರೆ ಏನೂ ಆಗುವುದಿಲ್ಲ. ನನಗಿಂತ ಮುಂಚೆ ಇಬ್ಬರು ಬಂದು ನೋಡಿ ಹೋಗಿದ್ದರು. ಮೊದಲನೆಯವರು ಇಸ್ತ್ರಿಪೆಟ್ಟಿಗೆ ಹಾಳಾಗಿದೆ ಎಂದರು. ಹೊಸದು ಬಂತು, ಎಂಸಿಬಿ ಮಾತ್ರ ಬೀಳುತ್ತಲೇ ಇತ್ತು. ಎರಡನೆಯವರು, ಹತ್ತು ಆಂಪಿಯರ್‌ನದ್ದನ್ನು ಕಿತ್ತು ಇಪ್ಪತ್ತರದು ಹಾಕಿಬಿಡೋಣ ಎಂದರು. ಮನೆಯವರಿಗೆ ಏಕೋ ಧೈರ್ಯ ಬರದೆ ಅವರನ್ನು ಹಾಗೆಯೇ ಕಳುಹಿಸಿದ್ದರು. ಅವತ್ತು ಅವರು ಒಪ್ಪಿಕೊಂಡಿದ್ದರೆ ಎಂಸಿಬಿ ಬೀಳುವುದು ಖಂಡಿತ ನಿಲ್ಲುತ್ತಿತ್ತು, ಗೋಡೆಯೊಳಗಿನ ವೈರ್ ಮಾತ್ರ ಕಾಯಲು ಶುರುವಾಗುತ್ತಿತ್ತು.

ಮನೆಯಾಕೆ ಶಾಲಾ ಶಿಕ್ಷಕಿ. ನಾನು ಚೀಲ ಕೆಳಗಿಡುವ ಮೊದಲೇ ಹೇಳಿದರು: "ದಿನಾ ಬೀಳುವುದಿಲ್ಲ ಸಾರ್. ಹತ್ತಿ ಸೀರೆ ಉಡುವ ದಿನ ಮಾತ್ರ ಬೀಳುತ್ತದೆ. ಸಿಂಥೆಟಿಕ್ ಸೀರೆಯ ದಿನ ಸುಮ್ಮನಿರುತ್ತದೆ." ಪಕ್ಕದಲ್ಲಿದ್ದ ಅವರ ಯಜಮಾನರು ನಕ್ಕುಬಿಟ್ಟರು. ನಾನು ನಗಲಿಲ್ಲ. ಹಿಂದೆ ಬಂದ ಇಬ್ಬರೂ ಕೇಳಿಸಿಕೊಳ್ಳದೆ ಹೋದ ಸುಳಿವು ಅದೇ ಇರಬೇಕು ಅನ್ನಿಸಿತು.

ಬಿದ್ದದ್ದು ಯಾವುದು, ಮೊದಲು ಅದನ್ನು ನೋಡಿ

ಎಂಸಿಬಿ ಬಿತ್ತು ಎಂದು ಫೋನ್ ಮಾಡುವ ಮನೆಗಳಲ್ಲಿ ಕೆಲವು ಕಡೆ ನಿಜವಾಗಿ ಬಿದ್ದಿರುವುದು ಎಂಸಿಬಿಯಲ್ಲ, ಅದರ ಪಕ್ಕದಲ್ಲಿರುವ, ಕರೆಂಟು ಅರ್ತಿಗೆ ಸೋರಿದರೆ ಬೀಳುವ ಆರ್‌ಸಿಸಿಬಿ. ಡಿಬಿ ಪೆಟ್ಟಿಗೆಯ ಬಾಗಿಲು ತೆರೆದು ಕಣ್ಣಿನಿಂದ ನೋಡಿದರೆ ಸಾಕು, ಏನನ್ನೂ ಬಿಚ್ಚಬೇಕಿಲ್ಲ. ಒಂದು ಬೆರಳಗಲದ, ಒಂದೇ ಪೋಲಿನ ಸಣ್ಣ ಎಂಸಿಬಿಯ ಹಿಡಿ ಕೆಳಗಿದ್ದರೆ ಅದು ಹೆಚ್ಚು ಕರೆಂಟು ಹರಿದದ್ದರ ಕಥೆ. ಅದಕ್ಕಿಂತ ಅಗಲವಾದ, ಮುಂಭಾಗದಲ್ಲಿ ಪರೀಕ್ಷೆಗೆಂದು ಒಂದು ಪುಟ್ಟ ಗುಂಡಿ ಇರುವ ಸಾಧನ ಕೆಳಗಿದ್ದರೆ ಅದು ಸೋರಿಕೆಯ ಕಥೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಎರಡೂ ಕೆಲಸ ಒಂದರಲ್ಲೇ ಸೇರಿರುವ ಆರ್‌ಸಿಬಿಒ ಎಂಬುದೂ ಬಂದಿದೆ. ಅದಕ್ಕೂ ಗುಂಡಿ ಇರುತ್ತದೆ, ಅಲ್ಲಿ ಎರಡೂ ಸಾಧ್ಯತೆಗಳನ್ನು ನೋಡಬೇಕು.

ಸೋರಿಕೆಯಲ್ಲೂ ‘ಜೊತೆಗೆ ಹಾಕಿದರೆ ಮಾತ್ರ’ ಎಂಬ ಲಕ್ಷಣ ಬರುತ್ತದೆ. ಗೀಸರಿನ ಎಲಿಮೆಂಟ್ ಒಳಗೆ ತಂತಿಯ ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿರುತ್ತದೆ. ಎಲಿಮೆಂಟ್ ಹಳೆಯದಾಗಿ ಒಳಗೆ ಪಸೆ ಸೇರಿದರೆ ಸ್ವಲ್ಪ ಸ್ವಲ್ಪವೇ ಕರೆಂಟು ಅರ್ತ್ ಕಡೆಗೆ ಇಳಿಯುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಇರುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ 15ಕ್ಕಿಂತ ಕಡಿಮೆ ಸೋರಿಕೆಗೆ ಬೀಳಬಾರದು, 30 ಮುಟ್ಟಿದರೆ ಬೀಳಲೇಬೇಕು. ಗೀಸರಿನಿಂದ 12, ಇಸ್ತ್ರಿಪೆಟ್ಟಿಗೆಯಿಂದ 8 ಸೋರುತ್ತಿದೆ ಎನ್ನಿ. ಒಂದೊಂದಾಗಿ ಹಾಕಿದರೆ ಆರ್‌ಸಿಸಿಬಿ ಸುಮ್ಮನಿರುತ್ತದೆ, ಎರಡೂ ಸೇರಿ 20 ಆದಾಗ ಬೀಳಬಹುದು. ಹೀಗೆ ಬೀಳುವುದು ಎರಡನೆಯದನ್ನು ಹಾಕಿದ ಕ್ಷಣದಲ್ಲೇ ಆಗುತ್ತದೆ, ಹತ್ತು ನಿಮಿಷ ಕಾಯುವುದಿಲ್ಲ. ಇಂಥ ಕಡೆ ಗೀಸರಿನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ನೋಡಬೇಕು. ಸ್ವಿಚ್ ಫೇಸನ್ನು ಮಾತ್ರ ಕತ್ತರಿಸುತ್ತದೆ, ನ್ಯೂಟ್ರಲ್ ಹಾಗೆಯೇ ಸೇರಿಕೊಂಡಿರುತ್ತದೆ. ನ್ಯೂಟ್ರಲ್ಲಿಗೂ ಗೀಸರಿನ ಮೈಗೂ ಸಂಪರ್ಕವಾಗಿದ್ದರೆ ಸ್ವಿಚ್ ಆರಿಸಿದ ಮೇಲೂ ಆರ್‌ಸಿಸಿಬಿ ಬೀಳಬಹುದು. ಇನ್ನು ನಲ್ಲಿ ಮುಟ್ಟಿದಾಗ ಚುರುಚುರು ಎಂದರೆ ಮುಂದಿನ ಪರೀಕ್ಷೆಗಳನ್ನೆಲ್ಲ ಬದಿಗಿಟ್ಟು ಗೀಸರನ್ನು ಅವತ್ತೇ ನಿಲ್ಲಿಸಿ.

ಶಿಕ್ಷಕಿಯ ಮನೆಯಲ್ಲಿ ಆರ್‌ಸಿಸಿಬಿ ಮೇಲೇ ಇತ್ತು. ಬೀಳುತ್ತಿದ್ದದ್ದು ಮಹಡಿಯ ‘ಪವರ್’ ಎಂದು ಬರೆದಿದ್ದ ಸಣ್ಣ ಎಂಸಿಬಿ. ಅದರ ಮುಖದ ಮೇಲೆ ಸಿ10 ಎಂದು ಅಚ್ಚಾಗಿತ್ತು.

ಎಷ್ಟು ಹೊತ್ತಿಗೆ ಬೀಳುತ್ತದೆ?

ಈ ದೋಷದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವ ಉಪಕರಣ ಕೈಗಡಿಯಾರ. ಎಂಸಿಬಿಯೊಳಗೆ ಬೇರೆ ಬೇರೆ ಸ್ವಭಾವದ ಇಬ್ಬರು ಕಾವಲುಗಾರರಿದ್ದಾರೆ. ಒಬ್ಬನಿಗೆ ತಾಳ್ಮೆಯೇ ಇಲ್ಲ, ಇನ್ನೊಬ್ಬ ನಿಧಾನಿ. ತಾಳ್ಮೆಯಿಲ್ಲದವನು ತಂತಿಯ ಸುರುಳಿ. ಕರೆಂಟು ಒಮ್ಮೆಗೇ ಹಲವು ಪಟ್ಟು ಏರಿದರೆ ಅಯಸ್ಕಾಂತವಾಗಿ ಎಳೆದು ಕ್ಷಣದಲ್ಲೇ ಬೀಳಿಸುತ್ತಾನೆ. ಅಂಕಿಯ ಹಿಂದಿರುವ ‘ಸಿ’ ಅಕ್ಷರ ಇವನಿಗೆ ಸಂಬಂಧಿಸಿದ್ದು. ಸಿ ಜಾತಿಯಲ್ಲಿ ಇವನು ಎಚ್ಚರಗೊಳ್ಳುವುದು ಅಚ್ಚಾದ ಅಂಕಿಯ ಐದರಿಂದ ಹತ್ತು ಪಟ್ಟಿಗೆ. ಅಂದರೆ ಸಿ10ರಲ್ಲಿ 50ರಿಂದ 100 ಆಂಪಿಯರ್ ಹರಿದರೆ.

ನಿಧಾನಿ ಎಂದರೆ ಎರಡು ಲೋಹಗಳನ್ನು ಬೆಸೆದು ಮಾಡಿದ ಪಟ್ಟಿ. ಕರೆಂಟು ಹರಿದಂತೆ ಕಾಯುತ್ತಾ, ಕಾದಂತೆ ಬಾಗುತ್ತಾ, ಒಂದು ಹಂತಕ್ಕೆ ಕೊಕ್ಕೆಯನ್ನು ತಪ್ಪಿಸುತ್ತದೆ. ಇದಕ್ಕೆ ಎಷ್ಟು ಕರೆಂಟು ಎಂಬುದು ಎಷ್ಟು ಮುಖ್ಯವೋ, ಎಷ್ಟು ಹೊತ್ತು ಎಂಬುದೂ ಅಷ್ಟೇ ಮುಖ್ಯ.

ಆದ್ದರಿಂದ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಒತ್ತಿದೊಡನೆ ಟಪ್ ಎಂದು ಬಿದ್ದರೆ ಅದು ಭಾರ ಹೆಚ್ಚಾದದ್ದಲ್ಲ, ಎಲ್ಲೋ ಶಾರ್ಟ್ ಆಗಿದೆ. ಮೊದಲು ನೋಡಬೇಕಾದ್ದು ಇಸ್ತ್ರಿಪೆಟ್ಟಿಗೆಯ ಕತ್ತಿನ ಹತ್ತಿರ ವೈರ್ ದಿನವೂ ಬಾಗಿ ಬಾಗಿ ಸವೆಯುವ ಜಾಗ. ಆದರೆ ಆ ದೋಷವಿದ್ದರೆ ಗೀಸರ್ ಆರಿಸಿದ್ದಾಗಲೂ ಎಂಸಿಬಿ ಬೀಳಬೇಕಿತ್ತು. ‘ಸ್ಟಾರ್ಟಿಂಗ್ ಕರೆಂಟು ಹೆಚ್ಚು ಎಳೆಯುತ್ತದೆ, ಅದಕ್ಕೇ ಬೀಳುತ್ತದೆ’ ಎಂಬ ವಿವರಣೆಯನ್ನು ತುಂಬ ಜನ ಕೊಡುತ್ತಾರೆ. ಪಂಪ್‌ಸೆಟ್ಟಿಗೆ, ಫ್ರಿಜ್ಜಿಗೆ ಆ ಮಾತು ಸರಿ. ಗೀಸರಿಗೂ ಇಸ್ತ್ರಿಪೆಟ್ಟಿಗೆಗೂ ಸಲ್ಲದು. ಅವುಗಳ ಎಲಿಮೆಂಟ್ ತಂತಿ ತಣ್ಣಗಿದ್ದಾಗಲೂ ಕಾದಾಗಲೂ ಹೆಚ್ಚುಕಡಿಮೆ ಒಂದೇ ಕರೆಂಟನ್ನು ಎಳೆಯುತ್ತದೆ.

ಶಿಕ್ಷಕಿಯನ್ನು ಕೇಳಿದೆ: "ಇಸ್ತ್ರಿ ಶುರು ಮಾಡಿ ಎಷ್ಟು ಹೊತ್ತಿಗೆ ಬೀಳುತ್ತದೆ ಮೇಡಂ?" ಅವರು ಯೋಚಿಸಿ ಹೇಳಿದರು: "ಸೆರಗಿನ ಕಡೆಯಿಂದ ಶುರು ಮಾಡುತ್ತೇನೆ. ಅರ್ಧ ಸೀರೆ ಮುಗಿಯುವ ಹೊತ್ತಿಗೆ." ಎಂದರೆ ಎಂಟು ಹತ್ತು ನಿಮಿಷ. ಬಿದ್ದ ಕೂಡಲೇ ಎತ್ತಿದರೆ ನಿಲ್ಲುವುದಿಲ್ಲ, ಸ್ವಲ್ಪ ಕಾದು ಎತ್ತಿದರೆ ನಿಲ್ಲುತ್ತದೆ ಎಂದೂ ಹೇಳಿದರು. ಅಲ್ಲಿಗೆ ಶಾರ್ಟಿನ ಅನುಮಾನ ಹೋಯಿತು. ಬೀಳಿಸುತ್ತಿರುವವನು ಆ ನಿಧಾನಿ. ಬಾಗಿದ ಪಟ್ಟಿ ತಣಿದು ನೆಟ್ಟಗಾಗುವವರೆಗೆ ಹಿಡಿ ಕೂರುವುದಿಲ್ಲ. ಕೆಲವರು ಹಿಡಿಯನ್ನು ಮೇಲಕ್ಕೆ ಒತ್ತಿ ಹಿಡಿದುಕೊಂಡು ನಿಲ್ಲುತ್ತಾರೆ. ಅದರಿಂದ ಪ್ರಯೋಜನವಿಲ್ಲ. ಹೊರಗಿನ ಹಿಡಿಯನ್ನು ಹಿಡಿದುಕೊಂಡಿದ್ದರೂ ಒಳಗಿನ ಕೊಕ್ಕೆ ತಪ್ಪುವಂತೆಯೇ ಅದನ್ನು ಮಾಡಿರುತ್ತಾರೆ.

ಹತ್ತಿ ಸೀರೆಯ ಲೆಕ್ಕ

ಗೀಸರಿನ ಮೈಮೇಲಿನ ಚೀಟಿಯಲ್ಲಿ 15 ಲೀಟರ್, 2000 ವ್ಯಾಟ್ ಎಂದಿತ್ತು. ಇಸ್ತ್ರಿಪೆಟ್ಟಿಗೆಯಲ್ಲಿ 1000 ವ್ಯಾಟ್. ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಗೀಸರಿಗೆ 8.7, ಇಸ್ತ್ರಿಪೆಟ್ಟಿಗೆಗೆ 4.3, ಒಟ್ಟು 13. ಚೀಟಿಯನ್ನು ಪೂರ್ತಿ ನಂಬುವುದು ಬೇಡವೆಂದು ಡಿಬಿಯಲ್ಲಿ ಆ ಎಂಸಿಬಿಯಿಂದ ಹೊರಡುವ ಫೇಸ್ ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿದೆ. ಗೀಸರ್ ಒಂದೇ ಇದ್ದಾಗ 8.6, ಇಸ್ತ್ರಿಪೆಟ್ಟಿಗೆ ಸೇರಿದಾಗ 12.9. ಕ್ಲ್ಯಾಂಪನ್ನು ಫೇಸ್ ಒಂದಕ್ಕೇ ಹಾಕಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಹೊಡೆದು ಸೊನ್ನೆ ತೋರಿಸುತ್ತದೆ. ಹೊಸಬರು ಇಲ್ಲಿ ಎಡವುತ್ತಾರೆ.

ಕ್ಲ್ಯಾಂಪ್ ಮೀಟರ್ ಇಲ್ಲದವರಿಗೆ ಮನೆಯ ವಿದ್ಯುತ್ ಮೀಟರೇ ಸಾಕು. ಅದರ ಮುಖದಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ, ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. ಉದಾಹರಣೆಗೆ `3200 imp/kWh` ಎಂದಿದ್ದರೆ ಒಂದು ಯೂನಿಟ್ಟಿಗೆ 3200 ಸಲ ಮಿನುಗುತ್ತದೆ ಎಂದರ್ಥ. ಮನೆಯ ಉಳಿದದ್ದನ್ನೆಲ್ಲ ಆರಿಸಿ, ಗೀಸರ್ ಒಂದನ್ನೇ ಹಾಕಿ, ದೀಪವನ್ನು ಒಂದು ನಿಮಿಷ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಆಮೇಲೆ ನಿಧಾನವಾಗಿ ಓಡಿಸಿ ಎಣಿಸಿ. 2000 ವ್ಯಾಟಿಗೆ ನಿಮಿಷಕ್ಕೆ ಸುಮಾರು 107 ಮಿನುಗು, 3000ಕ್ಕೆ 160. ಈ ಮೀಟರಿನಲ್ಲಿ ಒಂದು ನಿಮಿಷದ ಎಣಿಕೆಯನ್ನು 18.75ರಿಂದ ಗುಣಿಸಿದರೆ ವ್ಯಾಟ್ ಬರುತ್ತದೆ. ಬೇರೆ ಅಂಕಿಯ ಮೀಟರಾದರೆ 60,000ವನ್ನು ಆ ಅಂಕಿಯಿಂದ ಭಾಗಿಸಿ, ಬಂದದ್ದರಿಂದ ಗುಣಿಸಿ. ಚೀಟಿ ಉದುರಿಹೋದ ಹಳೆಯ ಗೀಸರ್ ಎರಡು ಕಿಲೋವ್ಯಾಟಿನದೋ ಮೂರರದೋ ಎಂದು ಪತ್ತೆಮಾಡಲು ನಾನು ಈಗಲೂ ಈ ದಾರಿ ಹಿಡಿಯುವುದುಂಟು.

ಈಗ ಮುಖ್ಯ ಪ್ರಶ್ನೆ. ಹತ್ತು ಆಂಪಿಯರ್‌ನ ಎಂಸಿಬಿಯಲ್ಲಿ ಹದಿಮೂರು ಹರಿದರೆ ದಿನವೂ ಬೀಳಬೇಕಲ್ಲ, ಕೆಲವು ದಿನ ಮಾತ್ರ ಏಕೆ? ಅಚ್ಚಾದ ಅಂಕಿಯನ್ನು ದಾಟಿದೊಡನೆ ಎಂಸಿಬಿ ಬೀಳುತ್ತದೆ ಎಂಬುದೇ ತಪ್ಪು ತಿಳಿವಳಿಕೆ. ಮನೆಬಳಕೆಯ ಎಂಸಿಬಿಗೆ ಇರುವ ಮಾನದಂಡ ಎರಡು ಗೆರೆಗಳನ್ನು ಎಳೆದಿದೆ. ಅಂಕಿಯ 1.13 ಪಟ್ಟಿನವರೆಗೆ ಹರಿದರೆ ಒಂದು ಗಂಟೆಯೊಳಗೆ ಬೀಳಬಾರದು. 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ನಡುವೆ ಇರುವುದು ಅದರ ಸ್ವಂತ ಇಷ್ಟ. ಹತ್ತರ ಎಂಸಿಬಿಗೆ ಈ ಗೆರೆಗಳು 11.3 ಮತ್ತು 14.5. ನಮ್ಮ 12.9 ಸರಿಯಾಗಿ ನಡುವೆ ಕೂತಿದೆ. ಆ ಜಾಗದಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳೇ ತೀರ್ಮಾನ ಮಾಡುತ್ತವೆ. ಈ ಗೆರೆಗಳನ್ನು ಎಳೆದಿರುವುದು ಸುತ್ತಲಿನ ಉಷ್ಣ 30 ಡಿಗ್ರಿ ಇದ್ದಾಗ. ಬಿಸಿಲು ಬೀಳುವ ಗೋಡೆಯ ಡಿಬಿಯಲ್ಲಿ ಇನ್ನೂ ಬೇಗ ಬೀಳುತ್ತದೆ.

ಸೀರೆ ಬರುವುದು ಇಲ್ಲಿ. ಇಸ್ತ್ರಿಪೆಟ್ಟಿಗೆ ಸದಾ 4.3 ಆಂಪಿಯರ್ ಎಳೆಯುವುದಿಲ್ಲ. ತಳ ಕಾದೊಡನೆ ಥರ್ಮೋಸ್ಟಾಟ್ ಕತ್ತರಿಸುತ್ತದೆ, ತಣಿದರೆ ಮತ್ತೆ ಸೇರಿಸುತ್ತದೆ. ಸಿಂಥೆಟಿಕ್ ಸೀರೆಗೆ ಗುಂಡಿ ಕೆಳಗೆ ತಿರುಗಿಸಿರುತ್ತಾರೆ, ಬಟ್ಟೆ ಒಣಗಿರುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಪೆಟ್ಟಿಗೆ ಅರ್ಧ ಹೊತ್ತು ಉರಿದರೆ ಹೆಚ್ಚು. ಗಂಜಿ ಹಾಕಿದ ಹತ್ತಿ ಸೀರೆಯಾದರೆ ಗುಂಡಿ ತುದಿಗೆ ಹೋಗಿರುತ್ತದೆ, ನೀರು ಚಿಮುಕಿಸಿ ಚಿಮುಕಿಸಿ ಉಜ್ಜುತ್ತಾರೆ, ನೀರು ತಳದ ಬಿಸಿಯನ್ನೆಲ್ಲ ಹೀರುತ್ತದೆ, ಪೆಟ್ಟಿಗೆಯ ದೀಪ ಆರುವುದೇ ಅಪರೂಪ.

ಪಟ್ಟಿ ಕಾಯುವುದು ಕರೆಂಟಿನ ವರ್ಗಕ್ಕೆ ಅನುಗುಣವಾಗಿ. ಗೀಸರ್ ಒಂದೇ ಇದ್ದರೆ 8.7ರ ವರ್ಗ 76. ಎರಡೂ ಸೇರಿದರೆ 13ರ ವರ್ಗ 169, ಎರಡು ಪಟ್ಟಿಗೂ ಮೀರಿ. ಪೆಟ್ಟಿಗೆ ಅರ್ಧ ಹೊತ್ತು ಮಾತ್ರ ಉರಿದರೆ ಸರಾಸರಿ 122ರ ಸುಮಾರು. ಅದು 11 ಆಂಪಿಯರ್ ಸತತವಾಗಿ ಹರಿದಷ್ಟೇ ಬಿಸಿ, ಕೆಳಗಿನ ಗೆರೆಯಾದ 11.3ಕ್ಕಿಂತ ಒಂದು ಕೂದಲಷ್ಟು ಕಡಿಮೆ. ಹತ್ತಿ ಸೀರೆಗೆ ಹತ್ತರಲ್ಲಿ ಏಳು ಪಾಲು ಹೊತ್ತು ಉರಿಯಿತು ಎಂದರೆ ಸರಾಸರಿ 141. ಅದು ಸುಮಾರು 11.9 ಆಂಪಿಯರಿಗೆ ಸಮ, ಗೆರೆಯಿಂದ ಆಚೆ. ಶಿಕ್ಷಕಿ ಹೇಳಿದ್ದು ಸರಿಯಾಗಿಯೇ ಇತ್ತು. ಈ ಲೆಕ್ಕವನ್ನು ಯಜಮಾನರಿಗೆ ಕಾಗದದ ಮೇಲೆ ಬರೆದು ತೋರಿಸಿದೆ, ಅವರು ಹೆಂಡತಿಯ ಕಡೆ ನೋಡಲಿಲ್ಲ.

ಆದರೂ ನನಗೆ ಸಮಾಧಾನವಾಗಲಿಲ್ಲ. ಕೆಳಗಿನ ಗೆರೆಯನ್ನು ಅಷ್ಟೇ ಅಷ್ಟು ದಾಟಿದ ಕರೆಂಟಿಗೆ ನಿಧಾನಿ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ತೆಗೆದುಕೊಳ್ಳಬೇಕು. 15 ಲೀಟರ್ ನೀರು 22 ಡಿಗ್ರಿಯಿಂದ 60ಕ್ಕೆ ಏರಲು ಎರಡು ಕಿಲೋವ್ಯಾಟಿನ ಗೀಸರಿಗೆ ಬೇಕಾಗುವುದೇ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಗೀಸರೇ ತಾನಾಗಿ ಆರುತ್ತದೆ. ಇಲ್ಲಿ ಒಂಬತ್ತು ನಿಮಿಷಕ್ಕೇ ಬೀಳುತ್ತಿದೆ. ಪಟ್ಟಿಗೆ ಬೇರೆ ಎಲ್ಲಿಂದಲೋ ಬಿಸಿ ಬರುತ್ತಿರಬೇಕು.

ಬಿಗಿಯಾಗಿದ್ದ ಸ್ಕ್ರೂ, ಸಡಿಲವಾಗಿದ್ದ ವೈರ್

ಗೀಸರನ್ನೂ ಇಸ್ತ್ರಿಪೆಟ್ಟಿಗೆಯನ್ನೂ ಹಾಕಿ ಬೀಳುವವರೆಗೆ ಕಾದೆ. ಒಂಬತ್ತು ನಿಮಿಷ ಚಿಲ್ಲರೆಗೆ ಬಿತ್ತು. ಕೂಡಲೇ ಬೆರಳಿನ ಹಿಂಭಾಗದಿಂದ ಎಂಸಿಬಿಗಳ ಪ್ಲಾಸ್ಟಿಕ್ ಮುಖವನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಅಕ್ಕಪಕ್ಕದವು ಉಗುರುಬೆಚ್ಚಗಿದ್ದವು. ಇದು ಬೆರಳಿಟ್ಟುಕೊಳ್ಳಲಾಗದಷ್ಟು ಬಿಸಿ, ಅದೂ ಕೆಳತುದಿಯಲ್ಲಿ ಹೆಚ್ಚು. ಇಷ್ಟು ಪರೀಕ್ಷೆಯನ್ನು ಮನೆಯವರೂ ಮಾಡಬಹುದು. ಸುಟ್ಟ ವಾಸನೆಯೋ ಕಂದುಬಣ್ಣವೋ ಕಂಡರೆ ಅದನ್ನು ಮತ್ತೆ ಎತ್ತಬೇಡಿ.

ಮುಂದಿನದು ಎಲೆಕ್ಟ್ರಿಷಿಯನ್ ಕೆಲಸ. ಡಿಬಿಯ ಮುಚ್ಚಳ ಬಿಚ್ಚುವ ಮೊದಲು ಮೇನ್ ಆರಿಸುತ್ತೇವೆ, ಆದರೆ ಮೇನ್ ಸ್ವಿಚ್ಚಿನ ಒಳಬರುವ ತುದಿಯಲ್ಲಿ ಆಗಲೂ ಕರೆಂಟು ಇರುತ್ತದೆ. ಮೇನ್ ಆರಿಸಿದ್ದೇನಲ್ಲ ಎಂದು ಒಳಗೆ ಕೈಹಾಕಿ ಹೊಡೆಸಿಕೊಂಡವರನ್ನು ನಾನು ನೋಡಿದ್ದೇನೆ.

ಮುಚ್ಚಳ ತೆಗೆದಾಗ ಕೆಂಪು ವೈರಿನ ಹೊದಿಕೆ ಎಂಸಿಬಿಯ ಬಾಯಿಯಿಂದ ಒಂದು ಬೆರಳಗಲದವರೆಗೆ ಕಂದಾಗಿ, ಗಟ್ಟಿಯಾಗಿ ಕಂಡಿತು. ಸ್ಕ್ರೂ ಸಡಿಲವಿರಬೇಕೆಂದು ತಿರುಪುಳಿ ಹಾಕಿ ತಿರುಗಿಸಿದರೆ ಕಲ್ಲಿನಂತೆ ಬಿಗಿ, ಕಾಲು ಸುತ್ತೂ ಹೋಗಲಿಲ್ಲ. ಹಿಂದೆ ಬಂದವರೂ ಇಷ್ಟಕ್ಕೇ ತೃಪ್ತರಾಗಿರಬೇಕು. ನಾನು ವೈರನ್ನು ಹಿಡಿದು ಮೆಲ್ಲಗೆ ಎಳೆದೆ. ಅದು ಬೆಣ್ಣೆಯೊಳಗಿನ ಕೂದಲಿನಂತೆ ಕೈಗೆ ಬಂತು.

ಆದದ್ದು ಇಷ್ಟು. ಎಂಸಿಬಿಯ ಬಾಯಿಯೊಳಗೆ ಸ್ಕ್ರೂ ತಿರುಗಿಸಿದಂತೆ ಮೇಲೇರುವ ಒಂದು ಲೋಹದ ಚೌಕಟ್ಟು ಇರುತ್ತದೆ. ವೈರ್ ಆ ಚೌಕಟ್ಟಿನೊಳಗೆ ಹೋಗಬೇಕು, ಆಗ ಅದು ವೈರನ್ನು ಮೇಲಿನ ತಗಡಿಗೆ ಒತ್ತಿ ಹಿಡಿಯುತ್ತದೆ. ಚೌಕಟ್ಟು ಅರ್ಧ ಏರಿದ್ದಾಗ ವೈರ್ ತೂರಿಸಿದರೆ ಅದು ಒಳಗೆ ಹೋಗದೆ ಚೌಕಟ್ಟಿನ ಬೆನ್ನಿಗೆ ಜಾರುತ್ತದೆ. ಸ್ಕ್ರೂ ಖಾಲಿ ಚೌಕಟ್ಟನ್ನೇ ಪೂರ್ತಿ ಬಿಗಿದು ನಿಲ್ಲುತ್ತದೆ, ತಿರುಗಿಸಿದವರಿಗೆ ಭದ್ರವಾಗಿದೆ ಅನ್ನಿಸುತ್ತದೆ. ವೈರ್ ಬೆನ್ನಿಗೆ ಸುಮ್ಮನೆ ತಾಗಿಕೊಂಡಿರುತ್ತದೆ. ತಾಗಿರುವಷ್ಟರಿಂದಲೇ ಕರೆಂಟು ಹರಿಯುತ್ತದೆ, ಆದರೆ ಆ ಸಣ್ಣ ಸಂದಿಯಲ್ಲಿ ಬಿಸಿ ಹುಟ್ಟುತ್ತದೆ. ಆ ಬಿಸಿ ಲೋಹದ ಮೂಲಕ ನೇರವಾಗಿ ಒಳಗಿನ ಪಟ್ಟಿಗೆ ಹೋಗುತ್ತದೆ. ಪಟ್ಟಿಗೆ ಬಿಸಿ ಎಲ್ಲಿಂದ ಬಂತೆಂಬ ಭೇದವಿಲ್ಲ, ಬಾಗುತ್ತದೆ. ಗೀಸರ್ ಒಂದೇ ಇದ್ದಾಗಿನ 8.6 ಆಂಪಿಯರಿಗೆ ಈ ಸಂದಿ ಹೇಗೋ ತಡೆದುಕೊಳ್ಳುತ್ತಿತ್ತು. ಇಸ್ತ್ರಿಪೆಟ್ಟಿಗೆ ಸೇರಿದೊಡನೆ ಸಂದಿಯ ಬಿಸಿಯೂ ಎರಡು ಪಟ್ಟಾಗುತ್ತಿತ್ತು.

ಹಾಗಾಗಿ ಎಂಸಿಬಿಯ ಸ್ಕ್ರೂ ಪರೀಕ್ಷಿಸುವುದೆಂದರೆ ತಿರುಗಿಸಿ ನೋಡುವುದಷ್ಟೇ ಅಲ್ಲ, ಕರೆಂಟು ಆರಿಸಿ ವೈರನ್ನು ಎಳೆದು ನೋಡುವುದು. ಕಂದಾದ ತುದಿಯನ್ನು ತಾಮ್ರ ಹೊಳೆಯುವವರೆಗೆ ಕತ್ತರಿಸಿ, ಹೊಸದಾಗಿ ಸುಲಿದೆ. ಕಾದು ಕಾದು ಹದ ತಪ್ಪಿದ ಎಂಸಿಬಿಯನ್ನು ಮತ್ತೆ ನಂಬುವಂತಿಲ್ಲ, ಅದನ್ನು ತೆಗೆದು ಇನ್ನೊಂದು ಹಾಕಿದೆ. ಹಾಕಿದ್ದೂ ಸಿ10ನ್ನೇ. ಮತ್ತೆ ಎರಡನ್ನೂ ಹಾಕಿ, ಒದ್ದೆ ಟವೆಲ್ ಒಂದನ್ನು ಉಜ್ಜುತ್ತಾ ಕೂತೆವು. ಇಪ್ಪತ್ತೊಂದನೆಯ ನಿಮಿಷಕ್ಕೆ ಗೀಸರಿನ ದೀಪ ಆರಿತು. ಎಂಸಿಬಿ ಬೀಳಲಿಲ್ಲ.

ಹದಿನಾರರದ್ದು ಏಕೆ ಹಾಕಲಿಲ್ಲ

ಯಜಮಾನರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: "ಹೇಗೂ ಬದಲಾಯಿಸುತ್ತೀರಿ, ಹದಿನಾರರದ್ದೇ ಹಾಕಬಹುದಿತ್ತಲ್ಲ?" ಉತ್ತರ ನನ್ನ ಕೈಯಲ್ಲೇ ಇತ್ತು, ಕತ್ತರಿಸಿದ ವೈರಿನ ತುಂಡು. ಎಳೆಗಳನ್ನು ಬಿಡಿಸಿ ಎಣಿಸಿದರೆ 22. ನಮ್ಮಲ್ಲಿ ಮನೆಗಳಿಗೆ ಬರುವ ತಾಮ್ರದ ವೈರಿನಲ್ಲಿ ಸಾಮಾನ್ಯವಾಗಿ 0.3 ಮಿಲಿಮೀಟರಿನ 22 ಎಳೆ ಎಂದರೆ 1.5 ಸ್ಕ್ವೇರ್ ಎಂಎಂ, 36 ಎಂದರೆ 2.5, 56 ಎಂದರೆ 4. ಗೋಡೆಯೊಳಗಿನ ಪೈಪಿನಲ್ಲಿ ಹೋಗುವ 1.5ರ ವೈರಿಗೆ ನಾನು 14 ಆಂಪಿಯರಿಗಿಂತ ಹೆಚ್ಚು ಲೆಕ್ಕ ಹಿಡಿಯುವುದಿಲ್ಲ. ಒಂದೇ ಪೈಪಿನಲ್ಲಿ ಇನ್ನೂ ನಾಲ್ಕು ವೈರ್ ತುರುಕಿದ್ದರೆ ಅದಕ್ಕಿಂತಲೂ ಕಡಿಮೆ.

ಈಗ ಹಿಂದಿನ ಎರಡು ಗೆರೆಗಳನ್ನು ನೆನಪಿಸಿಕೊಳ್ಳಿ. ಹದಿನಾರರ ಎಂಸಿಬಿಯ ಮೇಲಿನ ಗೆರೆ 23.2 ಆಂಪಿಯರ್. ಅಂದರೆ 14 ಹೊರಬೇಕಾದ ವೈರಿನಲ್ಲಿ 23 ಹರಿಯುತ್ತಿದ್ದರೂ ಅದು ಒಂದು ಗಂಟೆಯವರೆಗೆ ಸುಮ್ಮನಿರಬಹುದು. ಇಪ್ಪತ್ತರದ್ದಾದರೆ 29. ಎಂಸಿಬಿ ಇರುವುದು ಗೀಸರನ್ನು ಕಾಯಲು ಅಲ್ಲ, ಗೋಡೆಯೊಳಗಿನ ವೈರನ್ನು ಕಾಯಲು. ಆ 1.5ರ ವೈರಿಗೆ ಸಿ10 ಹಾಕಿದ್ದ ಮೂಲ ಎಲೆಕ್ಟ್ರಿಷಿಯನ್ ಲೆಕ್ಕ ಬಲ್ಲವನೇ. ಅವನ ಕೈ ತಪ್ಪಿದ್ದು ಚೌಕಟ್ಟಿನ ಬೆನ್ನಿಗೆ ವೈರ್ ತೂರಿಸಿದ್ದರಲ್ಲಿ, ಅಥವಾ ಅದು ಆಮೇಲೆ ಬಂದ ಇನ್ನಾರದೋ ಕೈ.

ಗೀಸರಿನ ಲೈನೂ ಮಲಗುವ ಕೋಣೆಯ ಪ್ಲಗ್ಗೂ ಒಂದೇ ಆದದ್ದು ಹೇಗೆಂಬುದೂ ಗೊತ್ತಾಯಿತು. ಮಹಡಿ ಕಟ್ಟುವಾಗ ಸ್ನಾನದ ಮನೆಯಲ್ಲಿ ಸೀಮೆಎಣ್ಣೆ ಕಾಲದಿಂದ ಬಂದ ಸೌದೆ ಹಂಡೆಯೇ ಇರಲಿ ಎಂದುಕೊಂಡಿದ್ದರಂತೆ. ಆಮೇಲೆ ಗೀಸರ್ ಬಂದಾಗ ಹೊಸ ಪೈಪ್ ಹಾಕಲು ಗೋಡೆ ಒಡೆಯುವುದು ಬೇಡವೆಂದು, ಪಕ್ಕದ ಕೋಣೆಯ 16 ಆಂಪಿಯರ್ ಪ್ಲಗ್ಗಿನ ಡಬ್ಬಿಯಿಂದಲೇ ಲೂಪ್ ಎಳೆದಿದ್ದರು. ಪ್ಲಗ್ಗಿನ ಮೇಲೆ 16 ಎಂದು ಬರೆದಿದ್ದ ಮಾತ್ರಕ್ಕೆ ಅದರ ಹಿಂದಿನ ವೈರ್ 16ನ್ನು ಹೊರುತ್ತದೆ ಎಂದೇನೂ ಇಲ್ಲ. ಹಳೆಯ ಮನೆಗಳಲ್ಲಿ ಈ ಲೂಪನ್ನು ಮತ್ತೆ ಮತ್ತೆ ನೋಡುತ್ತೇನೆ.

ಗೀಸರಿಗೆ ಬೇರೆ ಲೈನ್ ಎಳೆಯಬೇಕು, ಅಲ್ಲಿಯವರೆಗೆ ಗೀಸರ್ ಆರಿದ ಮೇಲೆ ಇಸ್ತ್ರಿ ಮಾಡಿ ಎಂದು ಹೇಳಿದೆ. ಎಂಸಿಬಿ ನಿಂತಿತಲ್ಲ, ಸದ್ಯಕ್ಕೆ ಸಾಕು ಎಂದರು ಯಜಮಾನರು. ನಾನು ಒತ್ತಾಯಿಸಲಿಲ್ಲ. 12.9 ಆಂಪಿಯರ್ ಆ ವೈರಿನ ಮಿತಿಯ ಒಳಗೇ ಇತ್ತು, ಮೀರಿದರೆ ಕಾಯಲು ಸಿ10 ಇತ್ತು.

ಡಿಸೆಂಬರಿನಲ್ಲಿ ಮತ್ತೆ ಫೋನ್ ಬಂತು. ಈ ಸಲ ಮೂವತ್ತೈದು ನಿಮಿಷಕ್ಕೆ ಬಿದ್ದಿತ್ತು. ಚಳಿಗಾಲದಲ್ಲಿ ತೊಟ್ಟಿಯ ನೀರು ಇನ್ನೂ ತಣ್ಣಗಿರುತ್ತದೆ, ಒಬ್ಬರು ಸ್ನಾನ ಮಾಡಿ ಬಿಸಿನೀರು ಖಾಲಿ ಮಾಡಿದೊಡನೆ ಗೀಸರ್ ಮತ್ತೆ ಉರಿಯುತ್ತದೆ, ಇನ್ನೊಬ್ಬರು ಹೋಗುತ್ತಾರೆ. ಗೀಸರ್ ಆರುವ ಬಿಡುವೇ ಇಲ್ಲ. ಜೊತೆಗೆ ಅವತ್ತು ಎರಡು ಹತ್ತಿ ಸೀರೆ. ಒಂಬತ್ತು ನಿಮಿಷಕ್ಕೆ ಬಿದ್ದದ್ದು ದೋಷ. ಮೂವತ್ತೈದಕ್ಕೆ ಬಿದ್ದದ್ದು ದೋಷವಲ್ಲ, ಎಂಸಿಬಿ ತನ್ನ ಕೆಲಸ ಮಾಡಿದ್ದು. ಬಿದ್ದದ್ದನ್ನು ಮುಟ್ಟಿ ನೋಡಿದೆ, ಮೈಯೆಲ್ಲ ಒಂದೇ ಸಮ ಬೆಚ್ಚಗಿತ್ತು, ಕೆಳತುದಿಯಲ್ಲಿ ಬೇರೆ ಬಿಸಿ ಇರಲಿಲ್ಲ. ವೈರ್ ಎಳೆದೆ, ಜಗ್ಗಲಿಲ್ಲ.

ಆಗ ಲೈನ್ ಎಳೆಸಲು ಒಪ್ಪಿದರು. ಡಿಬಿಯಿಂದ ಸ್ನಾನದ ಮನೆಯವರೆಗೆ ಸೂರಿನ ಮೂಲೆಗುಂಟ ಪಿವಿಸಿ ಕೇಸಿಂಗ್ ಪಟ್ಟಿಯಲ್ಲಿ ಹನ್ನೊಂದು ಮೀಟರ್. ಎರಡು ಕಿಲೋವ್ಯಾಟಿಗೆ 2.5 ಸ್ಕ್ವೇರ್ ಎಂಎಂ ಸಾಕಾಗುತ್ತಿತ್ತು. ನಾಳೆ ಯಾರಾದರೂ ಮೂರು ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ತಂದು ಸಿಕ್ಕಿಸಿಬಿಡುತ್ತಾರೆ ಎಂದು 4ರದ್ದೇ ಹಾಕಿದೆ. ಅರ್ತಿಂಗ್ ವೈರ್ ಜೊತೆಗೇ ಹೋಯಿತು. ನ್ಯೂಟ್ರಲ್ಲನ್ನು ಆರ್‌ಸಿಸಿಬಿಯಿಂದ ಹೊರಡುವ ಪಟ್ಟಿಗೇ ಸೇರಿಸಿದೆ. ಅದನ್ನು ಬೇರೆ ನ್ಯೂಟ್ರಲ್ಲಿಗೆ ಸೇರಿಸಿದರೆ ಹೋದ ಕರೆಂಟು ಅದೇ ದಾರಿಯಲ್ಲಿ ಹಿಂತಿರುಗದೆ, ಗೀಸರ್ ಹಾಕಿದೊಡನೆ ಆರ್‌ಸಿಸಿಬಿ ಬೀಳಲು ಶುರುವಾಗುತ್ತದೆ, ಒಂದು ತಲೆನೋವಿನ ಬದಲು ಇನ್ನೊಂದು. ಹೊಸ ಲೈನಿಗೆ ಸಿ16, ವೈರನ್ನು ಚೌಕಟ್ಟು ಪೂರ್ತಿ ಇಳಿಸಿಯೇ ತೂರಿಸಿ, ಬಿಗಿದು, ಎಳೆದು ನೋಡಿದೆ. ಪ್ಲಗ್ಗಿನ ಡಬ್ಬಿಯಲ್ಲಿದ್ದ ಹಳೆಯ ಲೂಪನ್ನು ಕತ್ತರಿಸಿ ತೆಗೆದೆ. ಅದನ್ನು ಉಳಿಸಿದರೆ ಮುಂದೊಂದು ದಿನ ಯಾರಾದರೂ ಮತ್ತೆ ಜೋಡಿಸುತ್ತಾರೆ.

ಮುಗಿದ ಮೇಲೆ ಎರಡನ್ನೂ ಹಾಕಿ ಮೀಟರ್ ಹಿಡಿದೆ. ಹೊಸ ಲೈನಿನಲ್ಲಿ 8.6, ಹಳೆಯದರಲ್ಲಿ 4.3. ಶಿಕ್ಷಕಿ ಒಳಗಿನಿಂದ ಗಂಜಿ ಹಾಕಿದ ಮೂರು ಸೀರೆ ತಂದು ಮೇಜಿನ ಮೇಲಿಟ್ಟರು, ನಾನು ಕಾಫಿ ಕುಡಿದು ಮುಗಿಸುವವರೆಗೂ ಉಜ್ಜುತ್ತಲೇ ಇದ್ದರು.